ನಲವತ್ತು ಜನರ ಲೆಕ್ಕ, ಮೂವತ್ಮೂರು ಜನರ ಬಸ್ಸು: ಪ್ರವಾಸ ಹೊರಡಿಸುವ ಹಿರಿಯರು ಓದಿಕೊಳ್ಳಿ

ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಊರವರ ಲೆಕ್ಕ ತಾಳೆ ನೋಡಿದವನು ನಾನು. ಆದ್ದರಿಂದಲೇ ಇದನ್ನು ಬರೆಯಲು ಹೆಚ್ಚು ನಾಚಿಕೆಯಾಗುತ್ತಿದೆ. ನಮ್ಮ ಹಿರಿಯ ನಾಗರಿಕರ ಸಂಘದ ಪ್ರವಾಸದಲ್ಲಿ 31,500 ರೂಪಾಯಿ ಕೈಬಿಟ್ಟಿತು. ಹಣ ಯಾರೂ ಕದಿಯಲಿಲ್ಲ. ನಾನೇ ಭಾಗಾಕಾರ ಮಾಡಿ ಕಳೆದೆ.

ಮೈಸೂರಿನಿಂದ ಹಂಪಿ, ಬಾದಾಮಿ, ಐಹೊಳೆ, ಪಟ್ಟದಕಲ್ಲು. ನಾಲ್ಕು ದಿನ, ಮೂರು ರಾತ್ರಿ. ಹೆಸರು ಕೊಟ್ಟವರು ಸರಿಯಾಗಿ ನಲವತ್ತು ಜನ, ಬಸ್ಸಿನ ಸೀಟೂ ನಲವತ್ತು. ದಿನಕ್ಕೆ ಕನಿಷ್ಠ 300 ಕಿಲೋಮೀಟರ್, ಕಿಲೋಮೀಟರಿಗೆ 60 ರೂಪಾಯಿ, ಷೆಡ್ಡಿನಿಂದ ಷೆಡ್ಡಿಗೆ. ಚಾಲಕನ ಬಾಟಾ, ಟೋಲ್, ಪಾರ್ಕಿಂಗ್ ಸೇರಿ 82,000. ಎರಡು ಕಡೆ ಗೈಡಿಗೆ 8,000. ಇಬ್ಬರಿಗೊಂದರಂತೆ ಇಪ್ಪತ್ತು ಕೋಣೆ, ರಾತ್ರಿಗೆ 1,500ರಂತೆ 90,000. ಊಟ, ತಿಂಡಿ, ಟಿಕೆಟ್, ವಿಠ್ಠಲ ದೇವಸ್ಥಾನದ ಬ್ಯಾಟರಿ ಗಾಡಿ ಎಲ್ಲ ಸೇರಿ ತಲೆಗೆ 2,250. ಒಟ್ಟು 2,70,000. ನಲವತ್ತರಿಂದ ಭಾಗಿಸಿದರೆ 6,750. ಶೇಷವೇ ಇಲ್ಲ! ಸಭೆಯಲ್ಲಿ ಎದ್ದು ನಿಂತು, 'ಸಂಘಕ್ಕೆ ಒಂದು ಪೈಸೆ ಲಾಭವಿಲ್ಲ, ಒಂದು ಪೈಸೆ ನಷ್ಟವಿಲ್ಲ' ಎಂದು ಹೇಳಿದೆ. ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಈಗಲೂ ಕಿವಿಯಲ್ಲಿದೆ.

ಮುಂಗಡವಾಗಿ ತಲೆಗೆ 3,000 ವಸೂಲು ಮಾಡಿ 1,20,000ವನ್ನು ಪ್ರವಾಸದ ಏಜೆಂಟನಿಗೆ ಕೊಟ್ಟೆವು. ಬಸ್ಸು, ಕೋಣೆ, ಊಟ ಎಲ್ಲ ಅವನದೇ ಹೊಣೆ. 'ನಮ್ಮವರು ವಯಸ್ಸಾದವರು, ಕೊನೆ ಗಳಿಗೆಯಲ್ಲಿ ನಾಲ್ಕಾರು ಜನ ತಪ್ಪಿದರೆ?' ಎಂದು ನಾನು ಕೇಳಿದ್ದು ನಿಜ. ಅವನು ನಗುತ್ತಾ, 'ಅಡ್ಜಸ್ಟ್ ಮಾಡೋಣ ಸಾರ್, ನೀವೇನೂ ಯೋಚನೆ ಮಾಡಬೇಡಿ' ಎಂದ. ನಾನು ಯೋಚನೆ ಮಾಡಲಿಲ್ಲ. ಅದೇ ತಪ್ಪಾದದ್ದು.

ಹೊರಡಲು ಐದು ದಿನ ಇರುವಾಗ ಫೋನುಗಳು ಶುರುವಾದವು. ಒಂದು ದಂಪತಿಗೆ ದಾಯಾದಿಗಳ ಮನೆಯಲ್ಲಿ ಸಾವು, ಸೂತಕ. ಇನ್ನೊಂದು ದಂಪತಿಯ ಮಗಳಿಗೆ ಹೆರಿಗೆ ಹದಿನೈದು ದಿನ ಮೊದಲೇ ಆಯಿತು. ಒಬ್ಬರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ದಿನ ಸಿಕ್ಕಿತು. ಒಬ್ಬ ತಾಯಿಗೆ ಮಂಡಿ ಊತ, ಬಾದಾಮಿಯ ಮೆಟ್ಟಿಲು ಹತ್ತಲಾಗದು. ಏಳನೆಯವರಿಗೆ ಕಾಯಿಲೆಯೂ ಇಲ್ಲ, ಕಸಾಲೆಯೂ ಇಲ್ಲ. ಕಣ್ಣಿನವರು ಬರುವುದಿಲ್ಲವಂತೆ, ಅವರಿಲ್ಲದೆ ಇವರಿಗೆ ಬೇಸರವಂತೆ! ನಮ್ಮ ವಯಸ್ಸಿನವರು ಒಬ್ಬೊಬ್ಬರಾಗಿ ತಪ್ಪುವುದಿಲ್ಲ, ಜೋಡಿ ಜೋಡಿಯಾಗಿ ತಪ್ಪುತ್ತಾರೆ. ಇದು ನನಗೆ ಗೊತ್ತಿರಬೇಕಿತ್ತು. ಸಂಘದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ.

ಏಜೆಂಟನಿಗೆ ಫೋನು ಮಾಡಿ, 'ಮೂವತ್ಮೂರೇ ಜನ, ಅಡ್ಜಸ್ಟ್ ಮಾಡಪ್ಪ' ಎಂದೆ.

'ಮಾಡಿದೆ ಸಾರ್. ಏಳು ಜನರ ಊಟ ತೆಗೆದೆ.'

'ಬಸ್ಸು?'

'ಬಸ್ಸಿಗೆ ಏನು ಗೊತ್ತು ಸಾರ್, ಒಳಗೆ ಎಷ್ಟು ಜನ ಕೂತಿದ್ದಾರೆ ಎಂದು? ಡೀಸೆಲ್ ಅಷ್ಟೇ ಕುಡಿಯುತ್ತದೆ.'

ಚಿಕ್ಕ ಬಸ್ಸು ಕೊಡು ಎಂದೆ. ಅದು ಮದುವೆಗೆ ಹೋಗಿದೆಯಂತೆ. ಕೋಣೆ ಬಿಡಿಸು ಎಂದೆ. 'ರಸೀದಿಯ ಹಿಂಭಾಗ ನೋಡಿ ಸಾರ್' ಎಂದ. ನೋಡಿದೆ. ಭೂತಗನ್ನಡಿ ಹಿಡಿದು ನೋಡಿದೆ. ಏಳು ದಿನದೊಳಗೆ ಬಿಟ್ಟ ಕೋಣೆಗೆ ಹಣ ವಾಪಸಿಲ್ಲ ಎಂದು ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚಾಗಿತ್ತು. ಕೆಳಗೆ ನನ್ನದೇ ಸಹಿ. ಸಾಲದ ಪತ್ರಗಳಿಗೆ ಸಹಿ ಹಾಕುವವರಿಗೆ, 'ಓದಿ ಸಹಿ ಹಾಕಿ ಸ್ವಾಮಿ' ಎಂದು ಮೂವತ್ತೈದು ವರ್ಷ ಹೇಳಿದ ಬಾಯಿ ಇದು.

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕುಳಿತು ಲೆಕ್ಕವನ್ನು ಬಿಡಿಸಿ ಬರೆದೆ. 6,750ರಲ್ಲಿ ಒಬ್ಬ ಮನುಷ್ಯ ಬರದಿದ್ದರೆ ಉಳಿಯುವುದು ಊಟ, ಟಿಕೆಟಿನ 2,250 ಮಾತ್ರ. ಉಳಿದ 4,500 ಬಸ್ಸು, ಗೈಡು, ಕೋಣೆಯ ಪಾಲು. ಅವರು ಬರಲಿ ಬಿಡಲಿ, ಅದನ್ನು ಕಟ್ಟಲೇಬೇಕು. ಏಳು ಜನ, ತಲೆಗೆ 4,500. ಆಯಿತಲ್ಲ 31,500! ಇದನ್ನು ಸಭೆಗೆ ಮೊದಲು ಬರೆದಿದ್ದರೆ ಹತ್ತು ನಿಮಿಷದ ಕೆಲಸ. ಹೋಟೆಲಿನವರು ಒಪ್ಪಿದ್ದರೂ ಬಿಡಬಹುದಾಗಿದ್ದದ್ದು ಮೂರೇ ಕೋಣೆ, ಮೂರೂವರೆ ಅಲ್ಲ. ಮಂಡಿಯ ತಾಯಿಯ ಜೊತೆಗಾತಿಗೆ ಅರ್ಧ ಕೋಣೆ ಕೊಡಲು ಆಗುತ್ತದೆಯೇ?

ಇನ್ನು ನಮ್ಮವರ ಮಾತು. ಮುಂಗಡ ವಾಪಸು ಕೊಡಲಾಗದು ಎಂದಾಗ ಒಬ್ಬರು, 'ನಾನು ಬಸ್ಸು ಹತ್ತಲಿಲ್ಲ, ಅನ್ನ ಉಣ್ಣಲಿಲ್ಲ, ಯಾವುದಕ್ಕೆ ಹಣ?' ಎಂದರು. ಬೇಸರದ ಮನುಷ್ಯರು, 'ಕಾಯಿಲೆಯವರ ಹಣ ಹಿಡಿದಿಟ್ಟುಕೊಳ್ಳುತ್ತೀರಾ?' ಎಂದು ಕೇಳಿದರು. ಅವರಿಗೆ ಯಾವ ಕಾಯಿಲೆ? ವಾಪಸಾತಿಯ ನಿಯಮವನ್ನು ನಾನು ಎಲ್ಲಿಯೂ ಬರೆದಿರಲಿಲ್ಲ, ಹೇಳಿಯೂ ಇರಲಿಲ್ಲ. ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿ ಏಳೂ ಜನರಿಗೆ 21,000 ಕೊಡಿಸಿಬಿಟ್ಟರು. ಆಮೇಲೆ ಕೊರತೆಯ ಮಾತು ಬಂದಾಗ, 'ಲೆಕ್ಕ ಹಾಕಿದ್ದು ನೀವೇ ಅಲ್ಲವೇ?' ಎಂದರು. ಸಂಘದ ನಿಧಿಯಿಂದ 15,000, ನನ್ನ ಪಿಂಚಣಿಯಿಂದ 16,500. ಹಂಪಿಯಲ್ಲಿ ಕಲ್ಲಿನ ರಥದ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ನಾನು ಖಾಲಿ ಸೀಟು ಎಣಿಸುತ್ತಿದ್ದೆ.

ನೀವು ಹೀಗೆ ಮಾಡಬೇಡಿ. ಸೀಟಿನ ಸಂಖ್ಯೆಯಿಂದ ಭಾಗಿಸಲೇಬೇಡಿ. ನಮ್ಮ ಲೆಕ್ಕದಲ್ಲೇ, ಐದು ಜನ ತಪ್ಪುತ್ತಾರೆ ಎಂದುಕೊಂಡು ತಪ್ಪದ ಖರ್ಚು 1,80,000ವನ್ನು ಮೂವತ್ತೈದರಿಂದ ಭಾಗಿಸಿದ್ದರೆ 5,143, ಅದಕ್ಕೆ ತಲೆಖರ್ಚು 2,250 ಸೇರಿಸಿ 7,400 ಎಂದಿಡಬಹುದಿತ್ತು. ನಲವತ್ತೂ ಜನ ಬಂದಿದ್ದರೆ 26,000 ಉಳಿದು, ತಲೆಗೆ 650 ವಾಪಸು ಕೊಟ್ಟು ಹೊಗಳಿಸಿಕೊಳ್ಳಬಹುದಿತ್ತು. ಕೇಳುವಾಗ ಬೈಯುವವರು, ಕೊಡುವಾಗ ಹೊಗಳುತ್ತಾರೆ. ಆದರೆ ಮೂವತ್ಮೂರಕ್ಕೆ ಇಳಿದಿದ್ದರೆ 7,400 ಕೂಡ ಸಾಲುತ್ತಿರಲಿಲ್ಲ, ಆಗಲೂ ಹತ್ತು ಸಾವಿರದಷ್ಟು ಕೊರತೆ. ಅದಕ್ಕೇ ಎರಡನೆಯದು: ಹೆಸರು ಕೊಡುವ ದಿನವೇ ಕಾಗದದಲ್ಲಿ ಸಹಿ. ಹೊರಡುವ ಮುಂಚಿನ ಹದಿನೈದು ದಿನದೊಳಗೆ ತಪ್ಪಿದವರಿಗೆ ಊಟದ ಹಣ ಮಾತ್ರ ವಾಪಸು, ಬದಲಿ ಜನ ಸಿಕ್ಕರೆ ಪೂರ್ತಿ. ಸೂತಕವಾಗಲಿ, ಹೆರಿಗೆಯಾಗಲಿ, ಬೇಸರವಾಗಲಿ. ಕಾಯುವವರ ಪಟ್ಟಿಯಿಂದಲೂ ಐನೂರು ರೂಪಾಯಿ ಹಿಡಿದುಕೊಳ್ಳಿ. ನನ್ನ ಪಟ್ಟಿಯಲ್ಲಿ ನಾಲ್ವರಿದ್ದರು, ಬಾಯಿಮಾತಿನವರು. ಕರೆದಾಗ ನಾಲ್ವರೂ, 'ಇಷ್ಟು ಬೇಗ ಹೇಗೆ ಹೊರಡುವುದು?' ಎಂದರು. ಏಜೆಂಟ್ 'ಅಡ್ಜಸ್ಟ್' ಎಂದರೆ, ಏನನ್ನು, ಎಷ್ಟನ್ನು, ಯಾವ ದಿನದವರೆಗೆ ಎಂದು ಬರೆಸಿಕೊಳ್ಳಿ. ಬರೆಯದಿದ್ದರೆ ಎದ್ದು ಬನ್ನಿ.

ಮುಂದಿನ ಪ್ರವಾಸಕ್ಕೆ 7,400, ಸಹಿ ಬೇಕು ಎಂದು ಮೊನ್ನೆ ಫಲಕಕ್ಕೆ ಹಾಕಿದೆ. 'ಹೋದ ಸಲ 6,750 ಇತ್ತಲ್ಲ, ಸಂಘ ಲಾಭಕ್ಕೆ ಇಳಿಯಿತೇ?' ಎಂದು ಮೊದಲು ಕೇಳಿದವರು ಅದೇ ಬೇಸರದ ಮನುಷ್ಯರು. ಸಹಿ ಇನ್ನೂ ಹಾಕಿಲ್ಲ.