ಕೈಯಿಂದ ದುಡ್ಡು ಹಾಕದೆ ಕುರ್ತಿ ಮಾರಲು ಹೊರಟವರಿಗೆ: ಮೊದಲ ನೂರು ಆರ್ಡರ್‌ಗಳ ಲೆಕ್ಕ

"ಸ್ಟಾಕ್ ಇಡಬೇಕಾಗಿಲ್ಲ, ಆರ್ಡರ್ ಬಂದ ಮೇಲೆ ಸಪ್ಲೈಯರ್ ಕಳಿಸ್ತಾನೆ, ಮಧ್ಯದ ಲಾಭ ನಿಮ್ಮದು." ಡ್ರಾಪ್‌ಶಿಪ್ಪಿಂಗ್ ಕಲಿಸುವವರ ಮೊದಲ ಮಾತು ಇದು. ಇದನ್ನು ನಂಬಿ ಕುರ್ತಿ ಮಾರಲು ಹೊರಡುವವರ ಲೆಕ್ಕ ಎಲ್ಲಿ ಕೆಡುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ಬಿಡಿಸಿ ನೋಡಿ.

ಮಾರುವ ಬೆಲೆ 699. ಸಪ್ಲೈಯರ್‌ಗೆ 350, ಕೊರಿಯರ್‌ಗೆ 80, ಕ್ಯಾಶ್ ಆನ್ ಡೆಲಿವರಿ ಚಾರ್ಜ್ 30, ಒಂದು ಆರ್ಡರ್ ತರಿಸಲು ಜಾಹೀರಾತಿಗೆ 120. ಪೀಸಿಗೆ 119 ರೂಪಾಯಿ ಉಳಿಯಿತು, ನೂರು ಆರ್ಡರ್‌ಗೆ 11,900. ಹೊಸಬರು ಪುಸ್ತಕದಲ್ಲಿ ಬರೆದುಕೊಳ್ಳುವುದು ಇಷ್ಟೇ.

ಈಗ ನೂರರಲ್ಲಿ 30 ಪಾರ್ಸೆಲ್ ವಾಪಸ್ ಬಂದವು ಅಂದುಕೊಳ್ಳಿ. ಕ್ಯಾಶ್ ಆನ್ ಡೆಲಿವರಿಯಲ್ಲಿ, ಅದರಲ್ಲೂ ಬಟ್ಟೆಯಲ್ಲಿ, ಇದು ಅತಿರೇಕದ ಅಂದಾಜೇನಲ್ಲ. ಕೈಗೆ ಬರುವುದು 70 ಪೀಸಿನ ದುಡ್ಡು, 48,930. ಮಾಲಿಗೆ 24,500 ಹೋಯಿತು. ಕೊರಿಯರ್‌ನವರು ಮುಟ್ಟಿಸಿದರೂ ಮುಟ್ಟಿಸದಿದ್ದರೂ ಹೋಗುವ ಬಾಡಿಗೆ ನೂರಕ್ಕೂ ಕೊಡಬೇಕು, 8,000. ವಾಪಸ್ ತರುವ ಬಾಡಿಗೆ 70 ರಂತೆ 2,100. ಕ್ಯಾಶ್ ಚಾರ್ಜ್ ಇನ್ನೊಂದು 2,100. ಜಾಹೀರಾತಿನ 12,000 ಯಾವತ್ತೋ ಖರ್ಚಾಗಿಹೋಗಿದೆ. ಎಲ್ಲ ಕಳೆದರೆ ಉಳಿಯುವುದು 230 ರೂಪಾಯಿ. ಜಿಎಸ್‌ಟಿ ಇನ್ನೂ ಮುಟ್ಟೇ ಇಲ್ಲ. "ಬಣ್ಣ ಬೇರೆ ಬಂದಿದೆ" ಎಂದು ಆರು ಜನಕ್ಕೆ ದುಡ್ಡು ಹಿಂದಿರುಗಿಸಿದರೆ 4,194 ಹೋಗಿ, ಲೆಕ್ಕ ಸುಮಾರು ನಾಲ್ಕು ಸಾವಿರ ಮೈನಸ್.

ವಾಪಸಾತಿ ಯಾಕೆ ಹೆಚ್ಚುತ್ತದೆ? ಸಪ್ಲೈಯರ್ ಪಟ್ಟಿಯಲ್ಲಿ ಮಾಲು ಇದೆ ಎಂದು ತೋರಿಸುತ್ತದೆ, ಗೋಡೌನಿನಲ್ಲಿ ಇರುವುದಿಲ್ಲ. ಎರಡು ದಿನ ತಡವಾಗಿ ಹೊರಡುವ ಪಾರ್ಸೆಲ್ ಏಳನೇ ದಿನ ಬಾಗಿಲಿಗೆ ಬರುವ ಹೊತ್ತಿಗೆ ಗಿರಾಕಿಗೆ ಆಸೆ ಇಳಿದಿರುತ್ತದೆ. ಮುಂಗಡ ಕೊಟ್ಟಿಲ್ಲವಾದ್ದರಿಂದ "ಬೇಡ" ಅನ್ನುವುದಕ್ಕೆ ಖರ್ಚೂ ಇಲ್ಲ. ತೆಗೆದುಕೊಂಡವರ ಪಾಡು ಇನ್ನೊಂದು: ಫೋಟೋದಲ್ಲಿ ರಾಣಿ ಬಣ್ಣ, ಕವರ್ ಬಿಚ್ಚಿದರೆ ಮಾಸಿದ ಮೆರೂನ್, ಕಂಕುಳ ಹೊಲಿಗೆಯಲ್ಲಿ ನೂಲು ಜೋತುಬಿದ್ದಿದೆ. ಕೆಲವೊಮ್ಮೆ ಸಪ್ಲೈಯರ್‌ನ 350 ರೂಪಾಯಿ ಬಿಲ್ ಕೂಡ ಒಳಗೇ ಇರುತ್ತದೆ. 699 ಕೊಟ್ಟವರು ಅದನ್ನು ನೋಡಿ ಸುಮ್ಮನಿರುತ್ತಾರೆಯೇ?

ತೂಕದ ಪೆಟ್ಟು ಯಾರ ಕಣ್ಣಿಗೂ ಬೇಗ ಬೀಳದು. ಕೊರಿಯರ್‌ನವರು ಸಾಮಾನ್ಯವಾಗಿ ಪಾರ್ಸೆಲ್‌ನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000 ದಿಂದ ಭಾಗಿಸುತ್ತಾರೆ. ಆ ಅಂಕಿಯಲ್ಲೂ ನಿಜ ತೂಕದಲ್ಲೂ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. 30×25×3 ಇದ್ದರೆ 450 ಗ್ರಾಂ, ಅರ್ಧ ಕೆಜಿ ದರ. ಅದೇ ಕುರ್ತಿಯನ್ನು ಉಬ್ಬಿಸಿ ಮಡಚಿ ಎತ್ತರ 4 ಆದರೆ 600 ಗ್ರಾಂ, ಒಂದು ಕೆಜಿ ದರ. ಮಡಚಿದವನು ಸಪ್ಲೈಯರ್, ಕಟ್ ಆಗುವುದು ನಿಮ್ಮ ವಾಲೆಟ್.

ವಾಲೆಟ್ ಅಂದೆವಲ್ಲ, "ಬಂಡವಾಳ ಬೇಡ" ಅನ್ನುವುದೂ ಪೂರ್ತಿ ನಿಜವಲ್ಲ. ಹಲವು ಕಡೆ ಮಾಲು ಹೊರಡುವ ಮೊದಲೇ ಮಾಲಿನ ಬೆಲೆ, ಬಾಡಿಗೆ ಎರಡನ್ನೂ ಅದರಲ್ಲಿ ತುಂಬಬೇಕು. ಗಿರಾಕಿ ಕೊಟ್ಟ ಕ್ಯಾಶ್ ನಿಮ್ಮ ಖಾತೆಗೆ ಬರುವುದು ಡೆಲಿವರಿಯಾದ ಎಷ್ಟೋ ದಿನದ ಮೇಲೆ. ಆರ್ಡರ್ ಹೆಚ್ಚಿದಷ್ಟೂ ಸಿಕ್ಕಿಕೊಳ್ಳುವ ದುಡ್ಡು ಹೆಚ್ಚು.

ಹಾಗಂತ 300 ಪೀಸ್ ತಂದು ಅಟ್ಟಕ್ಕೆ ತುಂಬಬೇಡಿ, ಅದು ಇನ್ನೊಂದು ಬಾವಿ. ಹೋಲ್‌ಸೇಲ್‌ನವರು ಕುರ್ತಿಯನ್ನು ಹೆಚ್ಚಾಗಿ ಸೆಟ್ ಲೆಕ್ಕದಲ್ಲಿ ಕೊಡುತ್ತಾರೆ, ಎಂ, ಎಲ್, ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್ ಒಂದೊಂದು. ನಾಲ್ಕು ಡಿಸೈನಿನಲ್ಲಿ ಎರಡೆರಡು ಸೆಟ್, ಒಟ್ಟು 32 ಪೀಸ್. ಪೀಸಿಗೆ 270 ಸಿಕ್ಕರೆ 8,640. ನಡುವಿನ ಸೈಜು ಮೊದಲು ಖಾಲಿಯಾಗಿ ಎರಡು ತುದಿಯವು ಉಳಿದರೆ, ಹೊಸ ಡಿಸೈನಿಗೆ ಕೈ ಹಾಕುವ ಮೊದಲು ಅವನ್ನು ದರ ಇಳಿಸಿ ಮುಗಿಸಿ. ಸೈಜು ಬಿಡಿಯಾಗಿ ಕೊಡುವ ಅಂಗಡಿ ಸಿಕ್ಕರೆ ಪೀಸಿಗೆ ಹತ್ತು ರೂಪಾಯಿ ಹೆಚ್ಚಾದರೂ ಅಲ್ಲೇ ಕೊಳ್ಳಿ.

ಸ್ಟಾಕ್ ನಿಮ್ಮದಾದ ಮಾತ್ರಕ್ಕೆ ಗಿರಾಕಿ "ಬೇಡ" ಅನ್ನುವುದು ನಿಲ್ಲುವುದಿಲ್ಲ. ಆದರೆ ವಾಪಸ್ ಬಂದ ಪೀಸ್ ನಿಮ್ಮ ಕಪಾಟಿಗೇ ಬರುತ್ತದೆ, ಇಸ್ತ್ರಿ ಹಾಕಿ ಮರುದಿನ ಇನ್ನೊಬ್ಬರಿಗೆ ಕಳಿಸಬಹುದು. ಬಣ್ಣವನ್ನು ಹಗಲು ಬೆಳಕಿನಲ್ಲಿ ನೀವೇ ಫೋಟೋ ತೆಗೆದಿರುತ್ತೀರಿ. ಕವರಿನ ಎತ್ತರ ಸ್ಕೇಲಿಟ್ಟು ಅಳೆದಿರುತ್ತೀರಿ. ಕಳಿಸುವ ಮೊದಲು ಫೋನ್ ಮಾಡಿ 99 ರೂಪಾಯಿ ಮುಂಗಡ ಕೇಳಿ. ಕೊಡಲು ಒಪ್ಪದವರಲ್ಲಿ ಹಲವರು ಪಾರ್ಸೆಲ್ಲನ್ನೂ ತೆಗೆದುಕೊಳ್ಳುವವರಲ್ಲ.

ಡ್ರಾಪ್‌ಶಿಪ್ಪಿಂಗ್ ಬೇಕೇ ಬೇಕು ಅನ್ನುವವರು ಒಂದು ಡಿಸೈನ್ ಓಡುತ್ತದೆಯೇ ಎಂದು ನೋಡುವುದಕ್ಕಷ್ಟೇ ಬಳಸಿ, ಅದೂ ಮುಂಗಡ ಪೂರ್ತಿ ಕೊಟ್ಟ ಆರ್ಡರ್‌ಗೆ ಮಾತ್ರ. ಮೊದಲು ನಿಮ್ಮ ವಿಳಾಸಕ್ಕೇ ಎರಡು ಪೀಸ್ ತರಿಸಿ, ಒಂದನ್ನು ಒಗೆದು ನೋಡಿ. ಹೊರ ರಾಜ್ಯಕ್ಕೆ ಮಾರುವುದಾದರೆ ವಹಿವಾಟು ಎಷ್ಟೇ ಕಡಿಮೆಯಿದ್ದರೂ ಜಿಎಸ್‌ಟಿ ನೋಂದಣಿ ಬೇಕು. ಸಪ್ಲೈಯರ್ ನಿಮ್ಮ ನೋಂದಣಿ ಸಂಖ್ಯೆ ಹಾಕಿ ಬಿಲ್ ಕೊಡದಿದ್ದರೆ ನೀವು ಕೊಟ್ಟ ತೆರಿಗೆ ವಾಪಸ್ ಹೊಂದಿಸಿಕೊಳ್ಳಲು ಆಗುವುದಿಲ್ಲ. ಆ ಬಿಲ್‌ನ ನಮೂನೆಯನ್ನು ವಾಲೆಟ್‌ಗೆ ದುಡ್ಡು ಹಾಕುವ ಮೊದಲೇ ಕೇಳಿ ಪಡೆಯಿರಿ.