ಗಂಗಾವತಿ ಗಿರಣಿಯವರೇ, ‘ಡ್ರೈಯರ್ ಸಹಿತ’ ಎಂದರೆ ಡ್ರೈಯರ್ ತೋರಿಸಿ ಎನ್ನಿ

ಗಂಗಾವತಿ, ಕಾರಟಗಿ ಕಡೆ ಅಕ್ಕಿ ಗಿರಣಿ ನಡೆಸುವವರು ಹೊಸ ಕಂಪ್ರೆಸರ್ ಕೊಳ್ಳಲು ಹೊರಟಿದ್ದರೆ ಮುಂಗಡ ಕೊಡುವ ಮೊದಲು ಇದನ್ನು ಓದಿ. ಹತ್ತು ಎಚ್‌ಪಿ ಪಿಸ್ಟನ್ ಕಂಪ್ರೆಸರ್, ರಿಸೀವರ್ ಟ್ಯಾಂಕ್, ‘ಏರ್ ಡ್ರೈಯರ್ ಸಹಿತ’ ಎಂದು ದರಪಟ್ಟಿಯಲ್ಲಿ ಬರೆದುಕೊಟ್ಟವರು ನನಗೆ ಗಾಳಿಯ ತೇವ ತೆಗೆಯುವ ಆ ಡ್ರೈಯರನ್ನೇ ಕೊಟ್ಟಿಲ್ಲ. ಹಣ ಮಾತ್ರ ಪೂರ್ತಿ ಎಣಿಸಿಕೊಂಡಿದ್ದಾರೆ.

ಮಳೆಗಾಲ ಶುರುವಾದದ್ದೇ ತಡ, ಕಂಪ್ರೆಸರ್‌ನ ಗಾಳಿ ಊದಿ ಕಪ್ಪು ಕಾಳನ್ನು ಬೇರೆ ಮಾಡುವ ಕಲರ್ ಸಾರ್ಟರ್ ಹಾದಿ ತಪ್ಪಿತು. ತೆಗೆದುಹಾಕಿದ ಕಾಳಿನ ಚೀಲದಲ್ಲಿ ಬೆಳ್ಳನೆಯ ಒಳ್ಳೆಯ ಅಕ್ಕಿ, ಮಾರುವ ಚೀಲದಲ್ಲಿ ಕಪ್ಪು ಕಾಳು! ವ್ಯಾಪಾರಿ ನನ್ನ ಎದುರೇ ಅಕ್ಕಿಯನ್ನು ಅಂಗೈಗೆ ಸುರಿದುಕೊಂಡು ತೋರಿಸಿದಾಗ ತಲೆ ತಗ್ಗಿಸಬೇಕಾಯಿತು. ಮೆಕ್ಯಾನಿಕ್ ಬಂದು ಸಾರ್ಟರ್‌ನ ಗಾಳಿ ಊದುವ ಒಂದು ಎಜೆಕ್ಟರ್ ಬಿಚ್ಚಿದ. ಕಣ್ಣು ಮಿಟುಕಿಸುವುದಕ್ಕಿಂತ ಬೇಗ ತೆರೆದು ಮುಚ್ಚಬೇಕಾದ ಕವಾಟ ಅದು. ಬಾಯಿಗೆ ತೌಡಿನ ಧೂಳು ಒದ್ದೆಯಾಗಿ ಮೆತ್ತಿ ಗಟ್ಟಿಯಾಗಿತ್ತು, ಒಳಗಿನಿಂದ ತುಕ್ಕಿನ ಕೆಂಪು ನೀರು ತೊಟ್ಟಿಕ್ಕಿತು. ಅವನ ಮೊದಲ ಪ್ರಶ್ನೆ: “ನಿಮ್ಮ ಡ್ರೈಯರ್ ಎಲ್ಲಿದೆ?”

ಮಾರಾಟಗಾರನಿಗೆ ಫೋನ್ ಮಾಡಿದೆ. “ಸಾಹುಕಾರರೇ, ಟ್ಯಾಂಕ್ ಪಕ್ಕ ಗಾಜಿನಂಥ ಬಟ್ಟಲು ಇದೆಯಲ್ಲ, ಅದೇ ಡ್ರೈಯರ್” ಎಂದ. ಅದು ಫಿಲ್ಟರ್! ಬೆರಳುದ್ದದ ಬಟ್ಟಲಿನ ಫಿಲ್ಟರ್! ಆಗಲೇ ಹನಿಯಾಗಿರುವ ನೀರನ್ನು ಅದು ಹಿಡಿಯಬಲ್ಲದು, ಆವಿಯಾಗಿರುವುದನ್ನು ಹಿಡಿಯಲಾರದು. ಹಾಗೆಂದು ನಾನು ಹೇಳಿದರೆ, “ನೀರು ನಮ್ಮ ಕಂಪ್ರೆಸರ್‌ನದ್ದಲ್ಲ, ನಿಮ್ಮ ಗಾಳಿಯದ್ದು” ಎಂದ. ಮಾರುವಾಗ “ನಮ್ಮ ಬಿಸಿಲಿಗೆ ಗಾಳಿ ಒಣಗಿಯೇ ಇರುತ್ತದೆ” ಎಂದವನೂ ಇವನೇ.

ನೀರು ಗಾಳಿಯದ್ದೇ, ನಿಜ. ಅದಕ್ಕಾಗಿಯೇ ಅಲ್ಲವೇ ಡ್ರೈಯರ್‌ಗೆ ಹಣ ಕೊಟ್ಟದ್ದು? ಲೆಕ್ಕ ನೋಡಿ. ಮಳೆಗಾಲದಲ್ಲಿ 30 ಡಿಗ್ರಿ ಸೆಲ್ಸಿಯಸ್, ಶೇ 70 ತೇವಾಂಶ ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 21 ಗ್ರಾಂ ನೀರಿನ ಆವಿ ಇರುತ್ತದೆ. ನನ್ನ ಕಂಪ್ರೆಸರ್ ಗಂಟೆಗೆ ಸುಮಾರು 60 ಘನ ಮೀಟರ್ ಗಾಳಿ ಎಳೆಯುತ್ತದೆ. ಅಂದರೆ ಗಂಟೆಗೆ ಒಂದೂಕಾಲು ಲೀಟರ್ ನೀರು ಒಳಗೆ ಹೋಗುತ್ತದೆ. 7 ಬಾರ್‌ಗೆ ಒತ್ತಿದಾಗ ಅಷ್ಟೂ ಗಾಳಿ ಎಂಟನೇ ಒಂದು ಪಾಲು ಜಾಗಕ್ಕೆ ಇಳಿಯುತ್ತದೆ. ಆದರೆ ಒತ್ತಿದ ಗಾಳಿ ಕಾದಿರುತ್ತದೆ, ಕಾದ ಗಾಳಿ ಆವಿಯನ್ನು ಬಿಡುವುದಿಲ್ಲ. ತಣ್ಣಗಾದ ಜಾಗದಲ್ಲಿ ಬಿಡುತ್ತದೆ. ಎಲ್ಲಿ ತಣ್ಣಗಾಗುತ್ತದೆ ಎಂಬುದೇ ಇಡೀ ವಿಷಯ.

ನನಗೆ ಕೊಟ್ಟ ಕಂಪ್ರೆಸರ್‌ಗೆ ಒತ್ತಿದ ಗಾಳಿಯನ್ನು ತಣಿಸುವ ಆಫ್ಟರ್ ಕೂಲರ್ ಕೂಡ ಇರಲಿಲ್ಲ. ಗಾಳಿ 60 ಡಿಗ್ರಿಯಲ್ಲೇ ಟ್ಯಾಂಕ್ ದಾಟುತ್ತಿತ್ತು. ಆ ಬಿಸಿಯಲ್ಲಿ ಟ್ಯಾಂಕಿನೊಳಗೆ ಬೀಳುವುದು ಗಂಟೆಗೆ ಕಾಲು ಲೀಟರ್‌ಗೂ ಕಡಿಮೆ. ಉಳಿದದ್ದು ಪೈಪಿನಲ್ಲಿ ಸಾಗುತ್ತಾ 30 ಡಿಗ್ರಿಗೆ ಇಳಿದು ಮುಕ್ಕಾಲು ಲೀಟರ್‌ಗೂ ಹೆಚ್ಚು ನೀರಾಗುತ್ತದೆ, ಗಂಟೆಗೆ! ಅಷ್ಟೂ ಸಾರ್ಟರ್ ಕಡೆಗೆ. ಅದೇ ಗಾಳಿ ಟ್ಯಾಂಕಿಗೆ ಹೋಗುವ ಮೊದಲೇ ಆಫ್ಟರ್ ಕೂಲರ್‌ನಲ್ಲಿ 40 ಡಿಗ್ರಿಗೆ ಇಳಿದಿದ್ದರೆ ಸುಮಾರು 850 ಗ್ರಾಂ ನೀರು ಟ್ಯಾಂಕ್ ಸೇರುವ ಹೊತ್ತಿಗೇ ಬಿದ್ದು ತಳದ ಡ್ರೇನ್‌ನಿಂದ ಹೊರಹೋಗುತ್ತಿತ್ತು. ಉಳಿದ ಆವಿಗೆ ಡ್ರೈಯರ್ ಬೇಕೇ ಬೇಕು. ಫ್ರಿಜ್‌ನಂತೆ ಕೆಲಸ ಮಾಡುವ ರೆಫ್ರಿಜರೇಟೆಡ್ ಡ್ರೈಯರ್ ಗಾಳಿಯನ್ನು 3 ಡಿಗ್ರಿಯವರೆಗೆ ತಣಿಸಿ ನೀರು ಇಳಿಸುತ್ತದೆ. ಆಮೇಲೆ ನಮ್ಮ ಪೈಪುಗಳಲ್ಲಿ ಹನಿಗಟ್ಟುವ ಮಾತೇ ಇಲ್ಲ.

“ದಿನಾ ಡ್ರೇನ್ ಕಾಕ್ ಬಿಚ್ಚಬೇಕಿತ್ತು” ಎಂದೂ ನನ್ನ ಮೇಲೇ ಹಾಕಿದ. ನಮ್ಮ ಹುಡುಗ ಬೆಳಿಗ್ಗೆ, ಸಂಜೆ ಬಿಚ್ಚುತ್ತಲೇ ಇದ್ದ. ಬಿಸಿ ಗಾಳಿ ಟ್ಯಾಂಕಿನಲ್ಲಿ ಬಿಡದ ನೀರನ್ನು ಕಾಕ್ ಬಿಚ್ಚಿ ಎಲ್ಲಿಂದ ತೆಗೆಯುವುದು? ಆಟೋ ಡ್ರೇನ್ ಹಾಕಿಸಿ ಎಂದು ಅದಕ್ಕೂ ದರ ಹೇಳಿದ. ತುಕ್ಕಿನ ಕೆಸರಿಗೆ ಅದೂ ಕಟ್ಟಿಕೊಳ್ಳುತ್ತದೆ, ಅದಕ್ಕೂ ಮೊದಲು ಒಂದು ಜಾಲರಿ ಬೇಕು ಎಂಬುದನ್ನು ಹೇಳಲಿಲ್ಲ.

ಪೈಪ್ ಜೋಡಿಸಿದ್ದೂ ಅವನ ಜನರೇ. ಮುಖ್ಯ ಪೈಪಿನ ತಳದಿಂದಲೇ ಸಾರ್ಟರ್‌ಗೆ ಕವಲು ತೆಗೆದಿದ್ದರು, ತಳದಲ್ಲಿ ಹರಿಯುವ ನೀರೆಲ್ಲ ನೇರ ಯಂತ್ರಕ್ಕೆ. ಕವಲನ್ನು ಮೇಲಿನಿಂದ ತೆಗೆದು ಬಾಗಿಸಿ ಇಳಿಸಬೇಕು. ಮುಖ್ಯ ಪೈಪಿಗೆ ಸ್ವಲ್ಪ ಇಳಿಜಾರು ಕೊಟ್ಟು ಕೊನೆಯಲ್ಲಿ ಡ್ರೇನ್ ಇಡಬೇಕು. ಇದು ಗೊತ್ತಿಲ್ಲದವರು ಏರ್ ಲೈನ್ ಕೆಲಸಕ್ಕೆ ಏಕೆ ಬರುತ್ತಾರೆ?

ಸಾರ್ಟರ್ ಕಂಪನಿಯವರು ನೀರಿನಿಂದ ಕೆಟ್ಟ ಎಜೆಕ್ಟರ್‌ಗೆ ವಾರಂಟಿ ಇಲ್ಲ ಎಂದರು. ಹೊಸ ಎಜೆಕ್ಟರ್‌ಗಳ ಬೆಲೆ ನನ್ನ ಕೈಯಿಂದಲೇ ಹೋಯಿತು. ಕಂಪ್ರೆಸರ್ ಮಾರಿದವನು ಈಗ ಫೋನ್ ಎತ್ತುವುದಿಲ್ಲ.

ದರಪಟ್ಟಿಯಲ್ಲಿ ಆಫ್ಟರ್ ಕೂಲರ್, ರೆಫ್ರಿಜರೇಟೆಡ್ ಡ್ರೈಯರ್ ಎರಡನ್ನೂ ಮಾದರಿ ಸಂಖ್ಯೆ ಸಮೇತ ಬರೆಸಿಕೊಳ್ಳಿ. ಸಾರ್ಟರ್‌ಗೆ ಜೋಡಿಸುವ ಮೊದಲು ಮಳೆಗಾಲದ ಒಂದು ದಿನ ಕಂಪ್ರೆಸರನ್ನು ಗಂಟೆಗಟ್ಟಲೆ ಓಡಿಸಿ, ಪೈಪಿನ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಗಾಳಿ ಬಿಡಿ. ಬಟ್ಟೆ ಒದ್ದೆಯಾದರೆ ಉಳಿದ ಹಣ ಕೊಡಬೇಡಿ.