ಅಂಬೊಡೆ ಎಷ್ಟು ಎಣ್ಣೆ ಕುಡಿಯುತ್ತದೆ? ಒಂದೇ ಹಿಟ್ಟನ್ನು ನಾಲ್ಕು ಥರ ಬೇಯಿಸಿ ನೋಡಿದ್ದು

ಕರಿದದ್ದು ಕಮ್ಮಿ ಮಾಡಿ ಅಂತ ಡಾಕ್ಟರು ಮಾವನವರಿಗೆ ಹೇಳಿ ಕಳಿಸಿದರು. ಸರಿ, ಆದರೆ ಹಾಸನದ ಜುಲೈ ಮಳೆಯಲ್ಲಿ ಸಂಜೆ ಕಾಫಿ ಜೊತೆ ಏನು ಕೊಡಬೇಕು? ಬಿಸ್ಕತ್ತು ಕೊಟ್ಟರೆ ಅವರು ತಟ್ಟೆ ಮುಟ್ಟುವುದಿಲ್ಲ. ಏರ್ ಫ್ರೈಯರ್ ತಗೊಳ್ಳಿ ಅಂತ ಒಬ್ಬರು, ಎಲ್ಲ ಹಬೆಯಲ್ಲೇ ಬೇಯಿಸಿ ಅಂತ ಇನ್ನೊಬ್ಬರು, ಕಾವಲಿ ಮೇಲೆ ಎರಡು ಚಮಚ ಎಣ್ಣೆ ಸಾಕು ಅಂತ ಮತ್ತೊಬ್ಬರು ಹೇಳಿದರು. ಯಾರ ಮಾತೂ ಕೇಳದೆ ತಕ್ಕಡಿ ಇಟ್ಟುಕೊಂಡು ಅಳೆದು ನೋಡೋಣ ಅನ್ನಿಸಿತು.

ಹೋಲಿಸುವುದಕ್ಕೆ ಅಂಬೊಡೆಗಿಂತ ಒಳ್ಳೆಯ ತಿಂಡಿ ಇಲ್ಲ. ಕಡಲೆಬೇಳೆ ನೆನೆಸಿ, ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಶುಂಠಿ, ಕಾಯಿತುರಿ, ಇಂಗು ಹಾಕಿ ಕಲೆಸಿದರೆ ಹಿಟ್ಟು ಸಿದ್ಧ. ತಟ್ಟಿ ಎಣ್ಣೆಗೆ ಬಿಟ್ಟರೆ ಅಂಬೊಡೆ. ಉಂಡೆ ಕಟ್ಟಿ ಇಡ್ಲಿ ಪಾತ್ರೆಯಲ್ಲಿಟ್ಟರೆ ನುಚ್ಚಿನುಂಡೆ. ನುಚ್ಚಿನುಂಡೆಗೆ ತೊಗರಿಬೇಳೆಯೂ ಹಾಕುತ್ತಾರೆ, ಆದರೆ ಇಲ್ಲಿ ಲೆಕ್ಕ ಸರಿಬರಲಿ ಅಂತ ಬರೀ ಕಡಲೆಬೇಳೆ ಹಾಕಿದೆ. ಇದೇ ಹಿಟ್ಟನ್ನು ಕಾವಲಿ ಮೇಲೂ ಬೇಯಿಸಬಹುದು, ಏರ್ ಫ್ರೈಯರ್‌ಗೂ ಹಾಕಬಹುದು. ಗಟ್ಟಿ ಹಿಟ್ಟಾದ್ದರಿಂದ ಎಲ್ಲೂ ಸೋರುವುದಿಲ್ಲ.

400 ಗ್ರಾಂ ಬೇಳೆಯನ್ನು ಎರಡು ಗಂಟೆ ನೆನೆಸಿದೆ. ಕಟ್ಟಿನಕೆರೆ ಮಾರುಕಟ್ಟೆಯಿಂದ ತಂದ ಒಂದು ಕಟ್ಟು ಸಬ್ಬಸಿಗೆ, 80 ಗ್ರಾಂ ಕಾಯಿತುರಿ ಹಾಕಿದೆ. ಈರುಳ್ಳಿ ಹಾಕಲಿಲ್ಲ. ಈರುಳ್ಳಿ ನೀರು ಬಿಡುತ್ತದೆ, ಆಗ ಮೊದಲು ತಟ್ಟಿದ್ದಕ್ಕೂ ಕೊನೆಗೆ ತಟ್ಟಿದ್ದಕ್ಕೂ ಹೋಲಿಕೆಯೇ ಇರುವುದಿಲ್ಲ. ಒಟ್ಟು 900 ಗ್ರಾಂ ಹಿಟ್ಟು ಬಂತು. ನಾಲ್ಕು ಪಾಲು ಮಾಡಿ, ಒಂದೊಂದು ಪಾಲಿಗೆ ಎಂಟೆಂಟು ಮಾಡಿದೆ. ಒಂದೊಂದೂ 28 ಗ್ರಾಂ ಆಸುಪಾಸು.

ಮೊದಲು ಬಾಣಲೆ. ಎಣ್ಣೆ ಸಮೇತ ಬಾಣಲೆಯನ್ನು ತೂಕ ಮಾಡಿ ಒಲೆಗಿಟ್ಟೆ. ಕರಿದ ಮೇಲೆ ಪೂರ್ತಿ ತಣ್ಣಗಾಗಲು ಬಿಟ್ಟು, ತಳದ ಚೂರು ತೆಗೆದು ಮತ್ತೆ ತೂಗಿದೆ. ಎಂಟು ಅಂಬೊಡೆಗೆ 28 ಗ್ರಾಂ ಎಣ್ಣೆ ಕಮ್ಮಿಯಾಗಿತ್ತು. ಟಿಶ್ಯೂ ಕಾಗದ ಹೀರಿಕೊಂಡಿದ್ದು ಎರಡು ಮೂರು ಗ್ರಾಂ. ಅಂದರೆ ಒಂದು ಅಂಬೊಡೆ ಸುಮಾರು 3 ಗ್ರಾಂ ಎಣ್ಣೆ ಕುಡಿದಿದೆ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ. ಎಣ್ಣೆಯಿಂದಲೇ 27 ಕ್ಯಾಲೊರಿ ಆಯಿತು. ನಾಲ್ಕು ತಿಂದರೆ ನೂರು ದಾಟುತ್ತದೆ.

ಇನ್ನೊಂದು ಸಲ ಬೇಕಂತಲೇ ಉರಿ ಸಣ್ಣಗಿಟ್ಟು, ಎಂಟನ್ನೂ ಒಟ್ಟಿಗೇ ಬಿಟ್ಟೆ. ಅವಸರದಲ್ಲಿ ಎಷ್ಟೋ ಮನೆಯಲ್ಲಿ ಮಾಡುವುದು ಹಾಗೇ ಅಲ್ವಾ. ಆಗ 40 ಗ್ರಾಂ ಹತ್ತಿರ ಎಣ್ಣೆ ಹೋಯಿತು, ಒಂದಕ್ಕೆ 5 ಗ್ರಾಂ! ಹಿಟ್ಟು ಅದೇ, ಬಾಣಲೆ ಅದೇ.

ಯಾಕೆ ಹೀಗೆ? ಕಾದ ಎಣ್ಣೆಗೆ ಬಿದ್ದ ತಕ್ಷಣ ಹಿಟ್ಟಿನೊಳಗಿನ ನೀರು ಕುದಿದು ಆವಿಯಾಗಿ ಹೊರಗೆ ನುಗ್ಗುತ್ತದೆ. ಸುತ್ತ ಏಳುವ ಗುಳ್ಳೆ ಅದೇ. ಆವಿ ಹೊರಗೆ ಬರುತ್ತಿರುವಷ್ಟು ಹೊತ್ತು ಎಣ್ಣೆಗೆ ಒಳಗೆ ಹೋಗಲು ದಾರಿ ಕಮ್ಮಿ. ಎಣ್ಣೆ ಸರಿಯಾಗಿ ಕಾದಿಲ್ಲದಿದ್ದರೆ ಗುಳ್ಳೆಯೂ ಸಪ್ಪೆ, ಹೊರಪದರ ಗಟ್ಟಿಯಾಗಲು ತಡ, ಎಣ್ಣೆಯಲ್ಲಿ ಮುಳುಗಿರುವ ಹೊತ್ತು ಜಾಸ್ತಿ. ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಎಣ್ಣೆಯ ದೊಡ್ಡ ಪಾಲು ಒಳಗೆ ಹೋಗುವುದು ಬಾಣಲೆಯಿಂದ ತೆಗೆದ ಮೇಲೆ. ತಣ್ಣಗಾಗುವಾಗ ಒಳಗಿನ ಆವಿ ಮತ್ತೆ ನೀರಾಗುತ್ತದೆ, ಆ ಜಾಗಕ್ಕೆ ಮೇಲೆ ಅಂಟಿರುವ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಜಾಲರಿ ಸೌಟಿನಲ್ಲಿ ಎತ್ತಿ, ಬಾಣಲೆ ಮೇಲೇ ಒಂದೆರಡು ಸಲ ಕೊಡವಿ, ಬಿಸಿಬಿಸಿಯಿರುವಾಗಲೇ ಕಾಗದದ ಮೇಲೆ ಒಂದೇ ಸಾಲಿನಲ್ಲಿ ಹರಡಬೇಕು. ಒಂದರ ಮೇಲೊಂದು ಪಾತ್ರೆಗೆ ಹಾಕಿ, ಆಮೇಲೆ ಕಾಗದ ಒತ್ತಿದರೆ ಏನೂ ಬರುವುದಿಲ್ಲ.

ಎಣ್ಣೆ 170ರಿಂದ 180 ಡಿಗ್ರಿ ಇರಬೇಕು. ಥರ್ಮಾಮೀಟರ್ ಬೇಡ. ಕಡಲೆ ಗಾತ್ರದ ಹಿಟ್ಟು ಬಿಡಿ. ತಳ ಮುಟ್ಟಿ ಕೂಡಲೇ ಮೇಲೆ ಬಂದರೆ ಸರಿ. ತಳದಲ್ಲೇ ಕೂತರೆ ಕಾದಿಲ್ಲ. ಬಿಟ್ಟ ಕ್ಷಣಕ್ಕೇ ಕೆಂಪಾದರೆ ಉರಿ ಇಳಿಸಿ, ಇಲ್ಲದಿದ್ದರೆ ಒಳಗೆ ಹಸಿ ಉಳಿಯುತ್ತದೆ. ಸಣ್ಣ ಬಾಣಲೆಗೆ ನಾಲ್ಕೇ ಸಾಕು. ರುಬ್ಬುವ ಮುಂಚೆ ಬೇಳೆಯ ನೀರು ಪೂರ್ತಿ ಬಸಿಯಬೇಕು, ಮಿಕ್ಸಿಗೆ ಹನಿ ನೀರೂ ಬೇಡ. ಗರಿಗರಿ ಬರಲಿ ಅಂತ ಸೋಡ ಹಾಕಿದರೆ ಒಳಗೆಲ್ಲ ತೂತು ತೂತಾಗಿ ಇನ್ನಷ್ಟು ಎಣ್ಣೆ ಹೀರುತ್ತದೆ.

ಎರಡನೆಯದು ಕಾವಲಿ. ದೋಸೆಯ ಕಬ್ಬಿಣದ ಕಾವಲಿ ಮೇಲೆ ಎರಡು ಟೀ ಚಮಚ ಎಣ್ಣೆ, ಅಂದರೆ 9 ಗ್ರಾಂ. ಅಂಬೊಡೆಯನ್ನು ಮಾಮೂಲಿಗಿಂತ ತೆಳ್ಳಗೆ ತಟ್ಟಿ, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಮುಚ್ಚಿಟ್ಟು, ಆಮೇಲೆ ಮುಚ್ಚಳ ತೆಗೆದು ಎರಡೂ ಕಡೆ ಕೆಂಪಗೆ ಮಾಡಿದೆ. ದಪ್ಪಗಿದ್ದರೆ ನಡುವೆ ಹಸಿ ಬೇಳೆ ಹಲ್ಲಿಗೆ ಸಿಗುತ್ತದೆ. ಒಂದಕ್ಕೆ 1 ಗ್ರಾಂ ಸ್ವಲ್ಪ ಮೇಲೆ ಎಣ್ಣೆ ಬಿತ್ತು. ಮೇಲೆ ಕೆಳಗೆ ಗರಿಗರಿ, ಅಂಚು ಮಾತ್ರ ಮೆತ್ತಗೆ. ಮಾವ ಎರಡು ತಿಂದು ಮೂರನೆಯದಕ್ಕೆ ಕೈಚಾಚಿದರು.

ಇಲ್ಲೊಂದು ಮೋಸ ಇದೆ. ಬಾಣಲೆಯಲ್ಲಿ ಉಳಿದ ಎಣ್ಣೆ ಬಾಣಲೆಯಲ್ಲೇ ಇರುತ್ತದೆ. ಕಾವಲಿಗೆ ಹಾಕಿದ್ದು ಹೆಚ್ಚುಕಮ್ಮಿ ಎಲ್ಲಾ ನಮ್ಮ ಹೊಟ್ಟೆಗೇ. ಪಡ್ಡಿನ ಹಂಚಿನಲ್ಲಂತೂ ಪ್ರತಿ ಗುಳಿಗೂ ಅರ್ಧ ಚಮಚ ಬಿಟ್ಟು, ತಿರುವಿ ಹಾಕಿ ಮತ್ತರ್ಧ ಬಿಡುವವರಿದ್ದಾರೆ. ಅಲ್ಲಿಗೆ ಒಂದಕ್ಕೆ ನಾಲ್ಕೂವರೆ ಗ್ರಾಂ ಆಯಿತು, ಕರಿದದ್ದಕ್ಕಿಂತ ಜಾಸ್ತಿ! ಬಾಟಲಿಯಿಂದ ನೇರವಾಗಿ ಸುರಿಯದೆ, ಲೋಟಕ್ಕೆ ಎರಡು ಚಮಚ ಅಳೆದಿಟ್ಟುಕೊಂಡು ಅಷ್ಟರಲ್ಲೇ ಮುಗಿಸಿದರೆ ಮಾತ್ರ ಕಾವಲಿಗೆ ಅರ್ಥ.

ಏರ್ ಫ್ರೈಯರ್ ಚಿಕ್ಕಮಗಳೂರಿನ ನಾದಿನಿಯದು, ಒಂದು ತಿಂಗಳಿಗೆ ಅಂತ ತಂದಿಟ್ಟುಕೊಂಡಿದ್ದೆ. ಹೆಸರಲ್ಲಿ ಫ್ರೈ ಇದ್ದರೂ ಅದು ಕರಿಯುವುದಿಲ್ಲ. ಬಿಸಿ ಗಾಳಿಯನ್ನು ಜೋರಾಗಿ ಸುತ್ತಿಸುವ ಪುಟ್ಟ ಓವನ್ ಅಷ್ಟೇ. ಮೊದಲು ಎಣ್ಣೆಯೇ ಇಲ್ಲದೆ ಹಾಕಿದೆ. 180 ಡಿಗ್ರಿಯಲ್ಲಿ ಹದಿನೈದು ನಿಮಿಷಕ್ಕೆ ಬೆಂದಿತು, ಆದರೆ ಮೇಲೆ ಬಿಳಿಚಿಕೊಂಡು ಒಡೆದಿತ್ತು, ಬಾಯಲ್ಲಿ ಪುಡಿಪುಡಿ. ಆಮೇಲೆ ಒಂದು ಟೀ ಚಮಚ ಎಣ್ಣೆಯನ್ನು ಎಂಟಕ್ಕೂ ಎರಡೂ ಕಡೆ ಬ್ರಶ್‌ನಲ್ಲಿ ಹಚ್ಚಿ, ಯಂತ್ರವನ್ನು ಮೊದಲೇ ಮೂರು ನಿಮಿಷ ಬಿಸಿ ಮಾಡಿ, ಎಂಟನೇ ನಿಮಿಷಕ್ಕೆ ತಿರುವಿ ಹಾಕಿದೆ. ಈ ಸಲ ಬಣ್ಣ ಬಂತು, ಕಚ್ಚಿದರೆ ಕರುಂ ಅಂದಿತು. ಒಂದಕ್ಕೆ ಅರ್ಧ ಗ್ರಾಂ ಸ್ವಲ್ಪ ಮೇಲೆ ಎಣ್ಣೆ, ಅಷ್ಟೇ. ಬಿಸಿಯಲ್ಲಿ ಚೆನ್ನಾಗಿದೆ. ಅರ್ಧ ಗಂಟೆ ಬಿಟ್ಟರೆ ಒಣಗಿ ಗಂಟಲಲ್ಲಿ ಇಳಿಯುವುದಿಲ್ಲ, ಚಟ್ನಿ ಬೇಕೇ ಬೇಕು. ಬುಟ್ಟಿಗೆ ಒಂದು ಸಲಕ್ಕೆ ಎಂಟು ಹಿಡಿಸಿದರೆ ಹೆಚ್ಚು, ಒತ್ತೊತ್ತಾಗಿ ಇಟ್ಟರೆ ಗಾಳಿ ಆಡದೆ ಪಕ್ಕ ಹಸಿ ಉಳಿಯುತ್ತದೆ. ಮನೆ ತುಂಬ ಜನ ಇದ್ದರೆ ಕಷ್ಟ. ಮಲೆನಾಡಿನವರು ಇನ್ನೊಂದು ಯೋಚಿಸಬೇಕು. ಇದು 1500 ವ್ಯಾಟ್ ಎಳೆಯುವ ಯಂತ್ರ, ಮಳೆಗೆ ಕರೆಂಟು ಹೋದರೆ ಮನೆಯ ಸಣ್ಣ ಇನ್ವರ್ಟರ್‌ನಲ್ಲಿ ನಡೆಯುವುದಿಲ್ಲ.

ಹಬೆಯದ್ದರಲ್ಲಿ ಗೆಲುವು ಸುಲಭ ಅಂದುಕೊಂಡಿದ್ದೆ. ಎಣ್ಣೆ ಸವರಿದ ತಟ್ಟೆಯಲ್ಲಿ ಉಂಡೆ ಇಟ್ಟು ಹದಿನೈದು ನಿಮಿಷ. ಹಾಸನ ಸಮುದ್ರಮಟ್ಟದಿಂದ 950 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಕರಾವಳಿಯವರು ಹೇಳುವ ಹೊತ್ತಿಗಿಂತ ಒಂದೆರಡು ನಿಮಿಷ ಜಾಸ್ತಿ ಬಿಟ್ಟರೆ ಒಳ್ಳೆಯದು. ಚಾಕು ಚುಚ್ಚಿ ತೆಗೆದರೆ ಹಿಟ್ಟು ಅಂಟಬಾರದು. ಎಣ್ಣೆ ಲೆಕ್ಕಕ್ಕೆ ಸೊನ್ನೆ ಅನ್ನಬಹುದು.

ಆದರೆ ನುಚ್ಚಿನುಂಡೆ ಬಡಿಸುತ್ತಿದ್ದಂತೆ ಅತ್ತೆ ತುಪ್ಪದ ಗಿಂಡಿ ತಂದರು. "ತುಪ್ಪ ಇಲ್ಲದೆ ನುಚ್ಚಿನುಂಡೆ ಯಾರಮ್ಮ ತಿಂತಾರೆ? ಗಂಟಲಿಗೆ ಹಿಡಿಯಲ್ವಾ?" ಅವರ ಮಾತು ಸುಳ್ಳಲ್ಲ. ಆದರೆ ಒಂದು ಟೀ ಚಮಚ ತುಪ್ಪ ಅಂದರೆ ನಾಲ್ಕೂವರೆ ಗ್ರಾಂ ಕೊಬ್ಬು. ಎರಡು ಉಂಡೆಗೆ ಒಂದು ಚಮಚ ಹಾಕಿದರೆ ಒಂದಕ್ಕೆ ಎರಡು ಗ್ರಾಂ ಮೇಲಾಯಿತು. ಕಾವಲಿಯ ಎರಡರಷ್ಟು, ಕರಿದದ್ದಕ್ಕೆ ಬರೀ ಮುಕ್ಕಾಲು ಗ್ರಾಂ ಕಮ್ಮಿ. ತುಪ್ಪದ ಬದಲು ಮಜ್ಜಿಗೆಹುಳಿ ಕೊಟ್ಟಾಗ ಗೊಣಗದೆ ತಿಂದರು. ಮಜ್ಜಿಗೆಹುಳಿಗೆ ರುಬ್ಬಿ ಹಾಕುವ ಕಾಯಿ ಮಾತ್ರ ಹಿಡಿತದಲ್ಲಿರಬೇಕು.

ಕಾಯಿಯ ಮಾತು ಬಂತಲ್ಲ, ಅದನ್ನೂ ಲೆಕ್ಕ ಹಾಕಿದೆ. ಹಸಿ ತೆಂಗಿನಕಾಯಿಯಲ್ಲಿ ನೂರು ಗ್ರಾಮಿಗೆ ಸುಮಾರು 33 ಗ್ರಾಂ ಕೊಬ್ಬು, ಕಡಲೆಬೇಳೆಯಲ್ಲಿ 5 ಗ್ರಾಂ ಆಸುಪಾಸು. ನಮ್ಮ ಹಿಟ್ಟಿನಲ್ಲಿ ಒಂದೊಂದಕ್ಕೂ ಬೇಯಿಸುವ ಮೊದಲೇ ಒಂದೂವರೆ ಗ್ರಾಂ ಇತ್ತು. ಅದನ್ನೂ ಸೇರಿಸಿದರೆ ಕರಿದದ್ದು ನಾಲ್ಕೂವರೆ ಗ್ರಾಂ, ಕಾವಲಿಯದ್ದು ಎರಡೂವರೆ ದಾಟಿತು, ಏರ್ ಫ್ರೈಯರ್‌ದು ಎರಡು, ತುಪ್ಪ ಹಾಕಿದ ನುಚ್ಚಿನುಂಡೆ ಮೂರೂವರೆ ಮೇಲೆ, ಹಾಕದ್ದು ಒಂದೂವರೆ. ಕಾಯಿತುರಿ ಅರ್ಧಕ್ಕಿಳಿಸಿ ಸೊಪ್ಪು ಜಾಸ್ತಿ ಮಾಡಿದರೆ ಎಲ್ಲದರಲ್ಲೂ ಅರ್ಧ ಗ್ರಾಂ ಹತ್ತಿರ ಇಳಿಯುತ್ತದೆ, ರುಚಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ನಮ್ಮ ಮನೆಗೆ ನಾನು ಆರಿಸಿದ್ದು ಕಾವಲಿ. ಏರ್ ಫ್ರೈಯರ್‌ಗೂ ಅದಕ್ಕೂ ಇರುವ ಅರ್ಧ ಗ್ರಾಂ ವ್ಯತ್ಯಾಸಕ್ಕೆ ಸಾವಿರಾರು ರೂಪಾಯಿ ಕೊಡಲು ಮನಸ್ಸಾಗಲಿಲ್ಲ. ಒಬ್ಬರೋ ಇಬ್ಬರೋ ಇರುವ ಮನೆಯಾದರೆ ನನ್ನ ಮಾತು ಬೇರೆ. ಒಲೆ ಮುಂದೆ ನಿಲ್ಲಬೇಕಿಲ್ಲ ಅನ್ನುವುದಕ್ಕೇ ಅದು ಬೆಲೆ ಬಾಳುತ್ತದೆ. ಹಬ್ಬಕ್ಕೆ ಮಾತ್ರ ಬಾಣಲೆಯೇ, ಪಾಯಸದ ಪಕ್ಕ ಕಾವಲಿ ಅಂಬೊಡೆ ಇಡಲು ಅತ್ತೆ ಬಿಡುವುದಿಲ್ಲ. ಆದರೆ ನಾಲ್ಕು ನಾಲ್ಕೇ ಬಿಟ್ಟು, ಕಾದ ಎಣ್ಣೆಯಲ್ಲಿ, ಕೊಡವಿ.

ಅಂಬೊಡೆಗೆ ಹೊಂದಿದ್ದು ಬೇರೆ ತಿಂಡಿಗೂ ಹೊಂದುತ್ತದೆ ಅಂತ ನಂಬಬೇಡಿ. ಕೋಡುಬಳೆಯನ್ನು ಏರ್ ಫ್ರೈಯರ್‌ಗೆ ಹಾಕಿದೆ, ಹಲ್ಲು ಮುರಿಯುವಷ್ಟು ಗಟ್ಟಿಯಾಯಿತು. ಬಜ್ಜಿಯ ಹಿಟ್ಟು ಬುಟ್ಟಿಯ ತೂತಿನಿಂದ ಕೆಳಗೆ ಸೋರಿ, ಮೆಣಸಿನಕಾಯಿ ಬತ್ತಲೆಯಾಗಿ ಬೆಂದಿತ್ತು. ಬಜ್ಜಿಗೆ ಬಾಣಲೆ ಬಿಟ್ಟು ಗತಿಯಿಲ್ಲ, ತಿಂಗಳಿಗೊಮ್ಮೆ ತಿನ್ನಿ.